ಮೈನ್‌ಕ್ರಾಫ್ಟ್ ಸರ್ವರ್: ಆಟಗಾರರು ಬರುವ ಮೊದಲೇ ಚಂಕ್‌ಗಳನ್ನು ಸೃಷ್ಟಿಸಿಡುವುದು

ಮೈನ್‌ಕ್ರಾಫ್ಟ್ ಜಾವಾ ಆವೃತ್ತಿಯಲ್ಲಿ ಲೋಕವು ಮೊದಲೇ ಸಿದ್ಧವಾಗಿರುವುದಿಲ್ಲ. ಆಟಗಾರ ಮುಂದುವರಿದಂತೆ ಸರ್ವರ್ ಅದನ್ನು 16×16 ಬ್ಲಾಕ್‌ಗಳ ಚಂಕ್‌ಗಳಾಗಿ ಸೃಷ್ಟಿಸುತ್ತಾ ಹೋಗುತ್ತದೆ. ಪ್ರತಿ ಹೊಸ ಚಂಕ್‌ಗೂ ನೆಲದ ಏರಿಳಿತ, ಗುಹೆ, ಅದಿರು, ಮರಗಿಡ, ಬೆಳಕು ಎಲ್ಲವನ್ನೂ ಲೆಕ್ಕ ಹಾಕಬೇಕಾಗುತ್ತದೆ. ಮರದ ಕೊಂಬೆಗಳು ಅಂಚು ದಾಟಿ ಚಾಚಬಹುದಾದ್ದರಿಂದ ಅಕ್ಕಪಕ್ಕದ ಚಂಕ್‌ಗಳೂ ಭಾಗಶಃ ಸಿದ್ಧವಾಗಿರಬೇಕು. ಡಿಸ್ಕ್‌ನಲ್ಲಿ ಈಗಾಗಲೇ ಇರುವ ಚಂಕನ್ನು ಓದಿಕೊಳ್ಳುವುದು ಇದಕ್ಕಿಂತ ಬಹಳ ಹಗುರವಾದ ಕೆಲಸ.

ಹೊರೆ ಎಷ್ಟೆಂದು ಲೆಕ್ಕ ಹಾಕೋಣ. ಎಲಿಟ್ರಾ ತೊಟ್ಟು ರಾಕೆಟ್ ಹಚ್ಚಿ ಹಾರುವವನು ಸೆಕೆಂಡಿಗೆ 30ಕ್ಕೂ ಹೆಚ್ಚು ಬ್ಲಾಕ್, ಅಂದರೆ ಸುಮಾರು ಎರಡು ಚಂಕ್ ದೂರ ಸಾಗುತ್ತಾನೆ. ವ್ಯೂ ಡಿಸ್ಟೆನ್ಸ್ 10 ಇದ್ದರೆ, ಅಂದರೆ ಆಟಗಾರನ ಸುತ್ತ ಪ್ರತಿ ಕಡೆಗೂ 10 ಚಂಕ್ ಕಾಣುವಂತಿದ್ದರೆ, ಎದುರಿನ ಸಾಲು 21 ಚಂಕ್ ಅಗಲವಿರುವುದರಿಂದ, ಅವನೊಬ್ಬನಿಗೇ ಸೆಕೆಂಡಿಗೆ ಸುಮಾರು 40 ಹೊಸ ಚಂಕ್‌ಗಳು ಬೇಕು. ಐವರು ಐದು ದಿಕ್ಕಿಗೆ ಹಾರಿದರೆ ಸುಮಾರು 200. ಸರ್ವರ್‌ಗೆ ಅಷ್ಟು ವೇಗವಾಗಿ ಸೃಷ್ಟಿಸಲಾಗದಿದ್ದರೆ ಆಟ ತಡವರಿಸುತ್ತದೆ, ಅಂದರೆ ಲ್ಯಾಗ್ ಆಗುತ್ತದೆ.

ಆದ್ದರಿಂದ ಆಟಗಾರರಿಲ್ಲದ ವೇಳೆಯಲ್ಲಿ ಚಂಕಿ ಎಂಬ ಪ್ಲಗಿನ್ ಬಳಸಿ ಈ ಕೆಲಸವನ್ನು ಮೊದಲೇ ಮುಗಿಸಿಡುತ್ತಾರೆ. ಆಟಗಾರರು ದಾಟಲಾಗದಂತೆ ಲೋಕದ ಗಡಿಯನ್ನು ಮೊದಲು ಹಾಕಬೇಕು, ಇಲ್ಲದಿದ್ದರೆ ಸಿದ್ಧ ಪ್ರದೇಶದ ಅಂಚು ದಾಟಿದವನು ಅದೇ ಲ್ಯಾಗನ್ನು ಮತ್ತೆ ತರುತ್ತಾನೆ. ಸರ್ವರ್ ಕನ್ಸೋಲ್‌ನಲ್ಲಿ ಹೀಗೆ ಕೊಡಬಹುದು:

```
worldborder center 0 0
worldborder set 10000
chunky world world
chunky center 0 0
chunky radius 5000
chunky start
```

ಗಡಿಯ ಆದೇಶವು ಪೂರ್ಣ ಅಗಲವನ್ನು ಕೇಳುತ್ತದೆ, ಚಂಕಿ ಅದರ ಅರ್ಧವನ್ನು ಕೇಳುತ್ತದೆ. ಎರಡೂ ಕಡೆ 10000 ಬರೆದರೆ ಕೆಲಸ ನಾಲ್ಕು ಪಟ್ಟಾಗುತ್ತದೆ. ಮೇಲಿನ ಅಳತೆಗೆ 625×625, ಅಂದರೆ ಸುಮಾರು 3,90,000 ಚಂಕ್‌ಗಳಾಗುತ್ತವೆ. ಸೆಕೆಂಡಿಗೆ 50ರ ವೇಗ ಸಿಕ್ಕಿದರೆ ಎರಡು ಗಂಟೆಗಿಂತ ತುಸು ಹೆಚ್ಚು, 20 ಮಾತ್ರ ಸಿಕ್ಕಿದರೆ ಐದೂವರೆ ಗಂಟೆ ಹಿಡಿಯುತ್ತದೆ. ನಡುವೆ ಆಟಗಾರರು ಬಂದರೆ `chunky pause` ಕೊಟ್ಟು, ಅವರು ಹೋದ ಮೇಲೆ `chunky continue` ಎಂದರೆ ನಿಂತಲ್ಲಿಂದಲೇ ಮುಂದುವರಿಯುತ್ತದೆ. ಡಿಸ್ಕ್‌ನಲ್ಲಿ ಒಂದು ಚಂಕ್ ಕನಿಷ್ಠ 4 ಕೆಬಿ ಜಾಗ ಹಿಡಿಯುವುದರಿಂದ ಒಟ್ಟು 1.6 ಜಿಬಿ ಖಚಿತ. ವಾಸ್ತವದಲ್ಲಿ ಅದಕ್ಕಿಂತ ಹೆಚ್ಚೇ ಬೇಕಾಗುತ್ತದೆ, ಬ್ಯಾಕಪ್‌ನ ಗಾತ್ರವೂ ಅದಕ್ಕೆ ತಕ್ಕಂತೆ ಬೆಳೆಯುತ್ತದೆ.

ಎಲ್ಲ ಲ್ಯಾಗಿಗೂ ಇದು ಮದ್ದಲ್ಲ. ಸರ್ವರ್ ಸೆಕೆಂಡಿಗೆ 20 ಟಿಕ್ ನಡೆಸಬೇಕು, ಅಂದರೆ ಪ್ರತಿ ಟಿಕ್ 50 ಮಿಲಿಸೆಕೆಂಡಿನೊಳಗೆ ಮುಗಿಯಬೇಕು. ಪೇಪರ್ ಸರ್ವರ್‌ನಲ್ಲಿ `mspt` ಎಂದು ಕೊಟ್ಟು ಇದನ್ನು ನೋಡಬಹುದು. ಎಲ್ಲರೂ ತಮ್ಮ ಮನೆಯಲ್ಲೇ ನಿಂತಿರುವಾಗಲೂ ಈ ಸಂಖ್ಯೆ 50 ದಾಟುತ್ತಿದ್ದರೆ ಕಾರಣ ಪ್ರಾಣಿಗಳ ಗುಂಪೋ, ಹಾಪರ್‌ಗಳೋ, ರೆಡ್‌ಸ್ಟೋನೋ ಇರಬೇಕು. ಪೇಪರ್ ಚಂಕ್ ಸೃಷ್ಟಿಯ ಬಹುಪಾಲನ್ನು ಬೇರೆ ಥ್ರೆಡ್‌ಗಳಿಗೆ ಬಿಡುವುದರಿಂದ, ಸಂಖ್ಯೆ ಚೆನ್ನಾಗಿಯೇ ಇದ್ದು, ಹಾರುವವನ ಕಣ್ಣೆದುರು ಮಾತ್ರ ನೆಲ ತಡವಾಗಿ ಮೂಡುವುದೂ ಉಂಟು. ಅಂಥ ಕಡೆ ಪೂರ್ವಸೃಷ್ಟಿ ನಿಜಕ್ಕೂ ನೆರವಾಗುತ್ತದೆ.

ಒಂದು ಮಿತಿಯನ್ನು ಆರಂಭದಲ್ಲೇ ಯೋಚಿಸಬೇಕು. ಸೃಷ್ಟಿಯಾದ ನೆಲ ಆಗಿನ ಆವೃತ್ತಿಯದೇ ಆಗಿ ಉಳಿಯುತ್ತದೆ: 2023ರ 1.20 ಆವೃತ್ತಿ ತಂದ ಚೆರ್ರಿ ತೋಪುಗಳು ಹಳೆಯ ಚಂಕ್‌ಗಳಲ್ಲಿ ತಾವಾಗಿ ಮೂಡಲಿಲ್ಲ. ಹಾಗಾಗಿ ನೆಲದ ರೂಪ ಬದಲಿಸುವ ಡೇಟಾಪ್ಯಾಕ್‌ಗಳನ್ನು ಮೊದಲು ಹಾಕಿ, ಗಡಿಯನ್ನು ಈಗಿನ ಆಟಗಾರರಿಗೆ ಸಾಲುವಷ್ಟೇ ಇಟ್ಟು, ಹೊಸ ಆವೃತ್ತಿ ಬಂದಾಗ ಗಡಿ ಹಿಗ್ಗಿಸಿ ಹೊರಗಿನ ಪಟ್ಟಿಯನ್ನಷ್ಟೇ ಸೃಷ್ಟಿಸುವುದು ಲೇಸು.