ಡಾಲರ್ ಬೆಲೆಯ ಪಕ್ಕದಲ್ಲಿ ಒಂದು ರೂಪಾಯಿ ಸಾಲು

ಸಕಲೇಶಪುರದ ಕಡೆಯ ಕಾಳುಮೆಣಸಿನ ವ್ಯಾಪಾರಿಯೊಬ್ಬರು ದುಬೈಗೆ ಕಳಿಸಬೇಕಿದ್ದ ದರಪತ್ರವನ್ನು ನನಗೆ ತೋರಿಸಿದರು. ಪತ್ರದ ನಡುವೆ ಒಂದೇ ಸಾಲು: ‘ಕಾಳುಮೆಣಸು, 20 ಕೆಜಿ ಕಾರ್ಟನ್, 173 ಡಾಲರ್, ಅಂದರೆ 14,700 ರೂಪಾಯಿ, ಸಾಗಾಣಿಕೆ ಸೇರಿ.’ ಮೊತ್ತ ಹೆಚ್ಚುಕಮ್ಮಿ ಸರಿಯೇ ಇತ್ತು. ಆದರೆ 20 ಕೆಜಿ ಅಂದರೆ ಬರೀ ಮೆಣಸೋ, ಡಬ್ಬವೂ ಸೇರಿಯೋ? ಸಾಗಾಣಿಕೆ ಎಲ್ಲಿಯವರೆಗೆ? ವಿಮೆ ಯಾರದು? ಡಾಲರ್‌ಗೆ ಯಾವ ದಿನದ ದರ? ಒಂದಕ್ಕೂ ಪತ್ರದಲ್ಲಿ ಉತ್ತರವಿಲ್ಲ.

ಲೆಕ್ಕವನ್ನು ಮೊದಲಿಂದ ಮಾಡಿದೆವು. ಇಲ್ಲಿರುವ ದರಗಳು ಉದಾಹರಣೆಗೆ ಅಷ್ಟೇ, ಇಂದಿನ ಪೇಟೆ ದರ ಅಲ್ಲ. ಮೆಣಸು ಕಿಲೋಗೆ 650 ಅಂದರೆ 20 ಕಿಲೋಗೆ 13,000. ಒಂದೊಂದು ಕಿಲೋದ 20 ಪೌಚು, ರಟ್ಟಿನ ಪೆಟ್ಟಿಗೆ, ತುಂಬುವ ಕೂಲಿ ಸೇರಿ 400. ಮಂಗಳೂರು ಬಂದರಿನವರೆಗೆ ಲಾರಿ, ಕಸ್ಟಮ್ಸ್ ಏಜೆಂಟರ ಖರ್ಚು, ಕಾಗದಪತ್ರ ಎಲ್ಲ ಕಾರ್ಟನ್‌ಗೆ 200. ಅವರ ಲಾಭ 900. ಒಟ್ಟು 14,500. ಡಾಲರ್‌ಗೆ 85 ಅಂತ ಹಿಡಿದರೆ ಸುಮಾರು 170.60 ಡಾಲರ್. ಇದು ಎಫ್‌ಒಬಿ ಬೆಲೆ, ಸರಕು ಹಡಗು ಹತ್ತುವವರೆಗಿನದು.

ಹಡಗಿನ ಬಾಡಿಗೆಯಲ್ಲಿ ಜನ ಜಾಸ್ತಿ ಎಡವುತ್ತಾರೆ. ಬಾಡಿಗೆ ಕಂಟೇನರ್‌ಗೆ, ಬೆಲೆ ಕಾರ್ಟನ್‌ಗೆ. 45, 35, 30 ಸೆಂಟಿಮೀಟರ್ ಅಳತೆಯ ಪೆಟ್ಟಿಗೆ 20 ಅಡಿ ಕಂಟೇನರ್‌ನಲ್ಲಿ ಸುಮಾರು 580 ಕೂರುತ್ತದೆ. ಬಾಡಿಗೆ 1,450 ಡಾಲರ್ ಅಂದರೆ ತಲಾ ಎರಡೂವರೆ ಡಾಲರ್. ಅದೇ ಖರೀದಿದಾರ 400 ಕಾರ್ಟನ್ ಮಾತ್ರ ಬೇಕು ಅಂದರೆ? ಕಂಟೇನರ್‌ನ ಸುಮಾರು ಮೂರನೇ ಒಂದು ಭಾಗ ಖಾಲಿ ಹೋದರೂ ಬಾಡಿಗೆ ಅಷ್ಟೇ. ಆಗ ಕಾರ್ಟನ್‌ಗೆ 3.63 ಬೀಳುತ್ತದೆ. ಹಾಗಾಗಿ ಈ ಬೆಲೆ ಎಷ್ಟು ಕಾರ್ಟನ್‌ಗೆ ಅಂತ ಪತ್ರದಲ್ಲಿ ಬರೆಯಲೇಬೇಕು.

ವಿಮೆ ಚಿಕ್ಕ ಮೊತ್ತ. ಸಿಐಎಫ್, ಅಂದರೆ ಸರಕಿನ ಬೆಲೆ, ವಿಮೆ, ಹಡಗು ಬಾಡಿಗೆ ಮೂರೂ ಸೇರಿದ ಮಾರಾಟದಲ್ಲಿ ಬೆಲೆಯ 110 ಶೇಕಡಕ್ಕೆ ವಿಮೆ ಮಾಡಿಸುವುದು ವಾಡಿಕೆ. ದರ 0.2 ಶೇಕಡ ಅಂದುಕೊಂಡರೆ ಕಾರ್ಟನ್‌ಗೆ 38 ಸೆಂಟ್. ಎಲ್ಲ ಸೇರಿ 173.48 ಡಾಲರ್, ರೂಪಾಯಿಯಲ್ಲಿ 14,745.80.

ಈಗ ಆ ರೂಪಾಯಿ ಸಾಲಿನ ವಿಷಯ. ‘ಅದನ್ನ ಯಾಕೆ ಬರೆದ್ರಿ?’ ಅಂತ ಕೇಳಿದೆ. ‘ಸುಮ್ನೆ, ಅವರಿಗೂ ಗೊತ್ತಿರಲಿ ಅಂತ ಸರ್’ ಅಂದರು. ಹಿಂದಿನ ವರ್ಷ ಇನ್ನೊಬ್ಬ ಖರೀದಿದಾರನಿಗೂ ಹೀಗೇ ಬರೆದಿದ್ದರಂತೆ. ಡಾಲರ್ ಏರಿದ ಮೇಲೆ ಅವನು ಬೆಲೆ ಇಳಿಸಿ ಅಂತ ಹಟ ಹಿಡಿದಿದ್ದ. ಇಲ್ಲಿಯ ಅಂಕಿಯಲ್ಲೇ ನೋಡಿ: ಡಾಲರ್ 87 ಆದರೆ ಖರೀದಿದಾರ, ‘ನಿಮಗೆ ಬೇಕಾದದ್ದು 14,745 ರೂಪಾಯಿ ತಾನೇ? 169.49 ಡಾಲರ್ ಕೊಟ್ಟರೂ ಅಷ್ಟೇ ಬರುತ್ತೆ’ ಅನ್ನುತ್ತಾನೆ. ಕಾರ್ಟನ್‌ಗೆ ನಾಲ್ಕು ಡಾಲರ್ ಹೋಯಿತು. ಡಾಲರ್ ಇಳಿದರೆ ಮಾತ್ರ ಅವನು ಜಾಸ್ತಿ ಕೊಡುವುದಿಲ್ಲ! ಆಗ ಆ ಸಾಲು ಅವನ ಕಣ್ಣಿಗೇ ಬೀಳುವುದಿಲ್ಲ, ಅಲ್ವಾ?

ಇಳಿದರೆ ಎಷ್ಟು ಪೆಟ್ಟು ಅಂತಲೂ ನೋಡಿದೆವು. 85ರ ಬದಲು 83.50 ಸಿಕ್ಕರೆ 170.60 ಡಾಲರ್‌ಗೆ ಬರುವುದು 14,245 ರೂಪಾಯಿ. 900ರ ಲಾಭದಲ್ಲಿ ಸುಮಾರು 255 ಕರಗಿತು. ಇದಕ್ಕೇ ನಾನು ಹೇಳುವುದು: ಟಿವಿಯಲ್ಲೋ ಮೊಬೈಲ್‌ನಲ್ಲೋ ಕಾಣುವ ದರ ಹಿಡಿಯಬೇಡಿ. ನಿಮ್ಮ ಬ್ಯಾಂಕ್ ನಿಮ್ಮಿಂದ ಡಾಲರ್ ಕೊಳ್ಳುವ ದರ, ಅಂದರೆ ಟಿಟಿ ಬೈಯಿಂಗ್ ರೇಟ್ ಕೇಳಿ. ಅದು ಸಾಮಾನ್ಯವಾಗಿ ಸ್ವಲ್ಪ ಕಡಿಮೆಯೇ ಇರುತ್ತದೆ. ಹಣ ಬರಲು ಎರಡು ತಿಂಗಳಾಗುತ್ತದೆ ಅಂದರೆ ಫಾರ್ವರ್ಡ್ ದರವನ್ನೂ, ಅಂದರೆ ಮುಂದಿನ ತಾರೀಖಿಗೆ ಈಗಲೇ ನಿಗದಿ ಮಾಡುವ ದರವನ್ನೂ ಬ್ಯಾಂಕಿನಲ್ಲಿ ಕೇಳಿ. ರಫ್ತಿಗೆ ಕಸ್ಟಮ್ಸ್‌ಗೆ ಸಲ್ಲಿಸುವ ಶಿಪ್ಪಿಂಗ್ ಬಿಲ್‌ನಲ್ಲಿ ಹಿಡಿಯುವ ದರ ಬೇರೆ, ಅದು ಸರ್ಕಾರ ಪ್ರಕಟಿಸಿದ್ದು. ಆ ಮೊತ್ತ ನಿಮ್ಮ ಖಾತೆಗೆ ಬಂದ ಮೊತ್ತಕ್ಕೆ ಹೊಂದಲಿಲ್ಲ ಅಂತ ಗಾಬರಿ ಬೇಡ.

ಕೊನೆಗೆ ಪತ್ರ ಹೀಗಾಯಿತು: ‘ಕಾಳುಮೆಣಸು. ಕಾರ್ಟನ್‌ಗೆ ನಿವ್ವಳ 20 ಕೆಜಿ, ಒಟ್ಟು ತೂಕ ಸುಮಾರು 21.2 ಕೆಜಿ, 1 ಕೆಜಿಯ 20 ಪೌಚ್. ಬೆಲೆ ಕಾರ್ಟನ್‌ಗೆ 173.48 ಅಮೆರಿಕನ್ ಡಾಲರ್, ಸಿಐಎಫ್ ಜೆಬೆಲ್ ಅಲಿ ಬಂದರು, ದುಬೈ, ಇನ್‌ಕೋಟರ್ಮ್ಸ್ 2020. ಇದರಲ್ಲಿ ಹಡಗು ಬಾಡಿಗೆ 2.50, ವಿಮೆ 0.38. 580 ಕಾರ್ಟನ್‌ನ ಪೂರ್ತಿ ಕಂಟೇನರ್‌ಗೆ ಮಾತ್ರ. ಏಳು ದಿನ ಚಾಲ್ತಿ. ಆಮೇಲೆ ಬಾಡಿಗೆ ಬದಲಾದರೆ ಬೆಲೆಯೂ ಬದಲಾಗುತ್ತದೆ.’ ಇನ್‌ಕೋಟರ್ಮ್ಸ್ ಅಂದರೆ ಎಫ್‌ಒಬಿ, ಸಿಐಎಫ್‌ನಂಥ ಪದಗಳ ಅರ್ಥ ಹೇಳುವ ಅಂತರರಾಷ್ಟ್ರೀಯ ನಿಯಮಗಳು.

ರೂಪಾಯಿ ಸಾಲು ಅವರ ಆಫೀಸ್ ಪ್ರತಿಯ ಅಂಚಿಗೆ ಹೋಯಿತು. 14,745.80, ಪಕ್ಕದಲ್ಲಿ 85 ಎಂಬ ದರ, ಬ್ಯಾಂಕಿನಲ್ಲಿ ಕೇಳಿದ ತಾರೀಖು, ಎಲ್ಲ ಪೆನ್ಸಿಲ್‌ನಲ್ಲಿ.