‘ಬಡವನಯ್ಯಾ’ ಅನ್ನುವ ಮುಂಚೆ ನಿಲ್ಲಬೇಕಾ?

ಕವಿತೆ ಓದುವುದನ್ನು ಕಲಿಸುತ್ತೇನೆ ಅಂತ ಗೊತ್ತಾದ ಕೂಡಲೇ ಜನ ಮಕ್ಕಳನ್ನು ಕರೆತಂದು ಹೇಳುವ ಮಾತು ಒಂದೇ: “ಮೇಡಂ, ಓದೋದೇನೋ ಓದ್ತಾನೆ, ಸ್ವಲ್ಪ ಭಾವ ತುಂಬಿಸಿಕೊಡಿ.” ಭಾವವೇನು ಹೋಳಿಗೆಯ ಹೂರಣವೇ, ಆಮೇಲೆ ತುಂಬೋಕೆ? ಎಲ್ಲಿ ನಿಲ್ಲಬೇಕು, ಯಾವ ಮಾತಿಗೆ ಒತ್ತು ಕೊಡಬೇಕು ಅಂತ ತೀರ್ಮಾನ ಆಗಿದ್ದರೆ ದನಿ ನಡುಗಿಸುವ ಅಗತ್ಯವೇ ಬರುವುದಿಲ್ಲ. ಆ ತೀರ್ಮಾನ ಆಗದಿದ್ದಾಗಲೇ ದನಿ ನಡುಗುವುದು.

ಸ್ಪರ್ಧೆಗಳಲ್ಲಿ ನಾನು ಅತಿ ಹೆಚ್ಚು ಕೇಳಿರುವುದು ಬಸವಣ್ಣನವರ ಈ ವಚನ:

ಉಳ್ಳವರು ಶಿವಾಲಯವ ಮಾಡುವರು
ನಾನೇನ ಮಾಡುವೆ ಬಡವನಯ್ಯಾ
ಎನ್ನ ಕಾಲೇ ಕಂಬ, ದೇಹವೇ ದೇಗುಲ
ಶಿರವೇ ಹೊನ್ನ ಕಳಸವಯ್ಯಾ
ಕೂಡಲಸಂಗಮದೇವಾ ಕೇಳಯ್ಯಾ
ಸ್ಥಾವರಕ್ಕಳಿವುಂಟು ಜಂಗಮಕ್ಕಳಿವಿಲ್ಲ

ಹತ್ತರಲ್ಲಿ ಒಂಬತ್ತು ಜನ ಎರಡನೇ ಸಾಲಿಗೇ ಅಳಲು ಶುರು ಮಾಡುತ್ತಾರೆ. ‘ನಾನೇನ ಮಾಡುವೆ’ ಅಂದು ನಿಲ್ಲುತ್ತಾರೆ, ಕೈ ಚೆಲ್ಲುತ್ತಾರೆ, ಆಮೇಲೆ ದನಿ ಇಳಿಸಿ ‘ಬಡವನಯ್ಯಾ’ ಅನ್ನುತ್ತಾರೆ. ಅರ್ಧ ಸೆಕೆಂಡಿನ ನಿಲುಗಡೆ, ಅಷ್ಟೇ. ಆದರೆ ಆ ಅರ್ಧ ಸೆಕೆಂಡಿನಲ್ಲಿ ‘ಏನು ಮಾಡಲಿ?’ ಅನ್ನುವ ಪ್ರಶ್ನೆ ‘ಏನೂ ಮಾಡಲಾರೆ’ ಅನ್ನುವ ಕೊರಗಾಗಿ ಬಿಡುತ್ತದೆ. ಮುಂದಿನ ಕಾಲು, ದೇಹ, ಶಿರ ಎಲ್ಲ ಸಮಾಧಾನದ ಬಹುಮಾನ. ಗುಡಿ ಕಟ್ಟೋಕಾಗಲಿಲ್ಲ, ಹೋಗಲಿ, ಇದನ್ನಾದರೂ ತಗೋ ಅಂದ ಹಾಗೆ.

ನಾನು ಮಾಡಿಸುವುದು ಬೇರೆ. ‘ಏನ’ ಅನ್ನುವುದನ್ನು ನಿಜವಾದ ಪ್ರಶ್ನೆ ಅಂತ ಓದಿ ನೋಡಿ. ಅವರು ಶಿವಾಲಯ ಮಾಡುತ್ತಾರೆ, ನಾನು ಮಾಡೋದು ಏನು? ನಮ್ಮ ಮಾತಿನಲ್ಲಿ ಒತ್ತು ಸಾಮಾನ್ಯವಾಗಿ ಕ್ರಿಯಾಪದದ ಹಿಂದಿನ ಪದದ ಮೇಲೆ ಕೂರುತ್ತದೆ. ‘ಅಮ್ಮ ನಾಳೆ ಬರ್ತಾಳೆ’ ಅಂದರೆ ಸುದ್ದಿ ನಾಳೆಯದು. ‘ನಾಳೆ ಅಮ್ಮ ಬರ್ತಾಳೆ’ ಅಂದರೆ ಸುದ್ದಿ ಅಮ್ಮನದು. ಇಲ್ಲಿ ‘ಮಾಡುವೆ’ಗೆ ಅಂಟಿಕೊಂಡೇ ‘ಏನ’ ಕೂತಿದೆ. ಅದನ್ನು ಕೂಗಬೇಕಿಲ್ಲ, ‘ನೇ’ಯನ್ನು ಒಂದು ಎಳೆ ಜಾಸ್ತಿ ಎಳೆದರೆ ಸಾಕು. ‘ಬಡವನಯ್ಯಾ’ ಅನ್ನುವುದನ್ನು ನಿಲ್ಲದೆ, ನಡುವೆ ಹೇಳಿ ಮುಗಿಸಿದ ಮಾತಿನ ಹಾಗೆ, ಬೇಗ ದಾಟಿಸಿ. ಸಾಲಿನ ಕೊನೆಯಲ್ಲಿ ದನಿ ಇಳಿಸಬೇಡಿ. ಮುಂದಿನ ಸಾಲು ಉತ್ತರ. ಪ್ರಶ್ನೆಗೂ ಉತ್ತರಕ್ಕೂ ನಡುವೆ ಜಾಗ ಜಾಸ್ತಿ ಬಿಟ್ಟರೆ ಕೇಳುವವರಿಗೆ ಅದು ಉತ್ತರ ಅಂತಲೇ ಗೊತ್ತಾಗುವುದಿಲ್ಲ. ಈಗ ಈ ಬಡವ ಕೊರಗುತ್ತಿಲ್ಲ. ಅವನ ಹತ್ತಿರ ಉತ್ತರ ಇದೆ.

‘ಸಾಲು ಮುಗಿಯಿತಲ್ಲ, ನಿಲ್ಲಬೇಡವಾ?’ ಅಂತ ಕೇಳುತ್ತಾರೆ. ಎಷ್ಟು ಸಲ ಹೇಳಿದರೂ ಕೇಳುತ್ತಾರೆ. ತಾಳೆಗರಿಯಲ್ಲಿ ವಚನಗಳನ್ನು ಹೀಗೆ ಸಾಲು ಸಾಲಾಗಿ ಒಡೆದು ಬರೆದಿರಲಿಲ್ಲ. ಗರಿ ತುಂಬುವವರೆಗೆ ಒಂದೇ ಸಮ ಬರೆದುಕೊಂಡು ಹೋಗುತ್ತಿದ್ದರು. ಸಾಲು ಒಡೆದದ್ದು, ಪ್ರಶ್ನೆ ಚಿಹ್ನೆ, ಅಲ್ಪವಿರಾಮ ಹಾಕಿದ್ದು ಆಮೇಲೆ ಅಚ್ಚು ಹಾಕಿದ ಸಂಪಾದಕರು. ಅವೆಲ್ಲ ಬಲ್ಲವರ ಸಲಹೆಗಳು, ಗೌರವ ಕೊಡೋಣ. ಆದರೆ ಕಾಗದದ ಅಂಚು ಉಸಿರು ತೆಗೆದುಕೊಳ್ಳುವ ಆಜ್ಞೆಯಲ್ಲ. ಅಂದಮಾತ್ರಕ್ಕೆ ಇದನ್ನು ಎಲ್ಲ ಕವಿತೆಗೂ ಹಚ್ಚಬೇಡಿ. ಇವತ್ತಿನ ಕವಿ ತಾನೇ ಕೂತು ಸಾಲು ಮುರಿದಿದ್ದರೆ ಆ ಮುರಿತಕ್ಕೆ ಕಾರಣ ಹುಡುಕಲೇಬೇಕು.

ಅಳುತ್ತಾ ಓದುವುದು ತಪ್ಪು ಅಂತ ಹೇಳುತ್ತಿಲ್ಲ. ಹಾಗೆ ಓದುವವರಿಗೆ ನಾನು ಕೇಳುವುದು ಇಷ್ಟೇ: ಕೊನೆಯ ಸಾಲನ್ನು ಏನು ಮಾಡುತ್ತೀರಿ? ‘ಸ್ಥಾವರಕ್ಕಳಿವುಂಟು’ ಅನ್ನುವವನ ದನಿಯಲ್ಲಿ ಅನುಮಾನವೇ ಇಲ್ಲ. ಎರಡನೇ ಸಾಲಿನಲ್ಲಿ ಸೋತವನು ಆರನೇ ಸಾಲಿನಲ್ಲಿ ಹೀಗೆ ಮಾತಾಡಬೇಕಾದರೆ ನಡುವೆ ಎಲ್ಲೋ ಅವನು ತಿರುಗಿರಬೇಕು. ಆ ತಿರುವು ಎಲ್ಲಿ ಅಂತ ತೋರಿಸಿ, ಆಮೇಲೆ ಎಷ್ಟು ಬೇಕಾದರೂ ಅಳಿ.

ಇನ್ನು ‘ಕಾಲೇ ಕಂಬ’. ಒತ್ತು ‘ಕಂಬ’ದ ಮೇಲೆ ಹಾಕಿ ಕಂಬದಂತೆ ನಿಂತು ತೋರಿಸುವವರೂ ಇದ್ದಾರೆ. ನಿನ್ನ ಕಾಲು ಏನು ಅಂತ ಯಾರೂ ಕೇಳಿಲ್ಲ. ಗುಡಿಗೆ ಕಂಬ ಎಲ್ಲಿ ಅನ್ನುವುದು ಪ್ರಶ್ನೆ. ಕಾಲೇ, ದೇಹವೇ, ಶಿರವೇ ಅಂತ ಆ ‘ಏ’ ಮೂರು ಸಲ ಬೆರಳಿಟ್ಟು ತೋರಿಸುತ್ತಿದೆ. ನಾವು ಅದರ ಜೊತೆ ಹೋದರೆ ಸಾಕು. ಇಲ್ಲಿ ‘ಮಾಡು’ ಅನ್ನುವ ಮಾತೇ ಮಾಯವಾಗಿದೆ ಗಮನಿಸಿ. ಕ್ರಿಯಾಪದವೇ ಇಲ್ಲ. ವಚನಗಳನ್ನು ಇಂಗ್ಲಿಷಿಗೆ ತಂದ ಎ.ಕೆ. ರಾಮಾನುಜನ್ ಈ ವಚನದ ಬಗ್ಗೆ ಬರೆಯುವಾಗ ಮಾಡುವುದಕ್ಕೂ ಇರುವುದಕ್ಕೂ ಇರುವ ಅಂತರದ ಮಾತೆತ್ತಿದ್ದು ಇದಕ್ಕೇ. ‘ಹೊನ್ನ’ ಅನ್ನುವಲ್ಲಿ ಮಾತ್ರ ನನಗೆ ಒಂದಿಷ್ಟು ಆಸೆ. ಬಡವನ ತಲೆಗೆ ಚಿನ್ನ ಬಂತಲ್ಲ, ಅಲ್ಲಿ ಒಂದು ಚೂರು ನಗು ಇರಲಿ.

‘ಕೂಡಲಸಂಗಮದೇವಾ ಕೇಳಯ್ಯಾ’ ಬಂದಾಗ ಅಂಕಿತ ಬಂತು, ವಚನ ಮುಗೀತು ಅಂತ ಕೈ ಮುಗಿದು ದನಿ ಇಳಿಸುತ್ತಾರೆ. ಮುಗಿದಿಲ್ಲ ಕಣ್ರೀ. ‘ಕೇಳು’ ಅಂದಮೇಲೆ ಹೇಳುವುದು ಇನ್ನೂ ಇದೆ ತಾನೇ? ಅಲ್ಲಿ ನಿಲ್ಲಿ, ಆದರೆ ದನಿ ಇಳಿಸದೆ ಎತ್ತಿ ಹಿಡಿದು ನಿಲ್ಲಿ.

ಕೊನೆಯ ಸಾಲಿನಲ್ಲಿ ಒಬ್ಬ ಹುಡುಗಿ ಉಸಿರು ಸಾಲದೆ ‘ಜಂಗ’ ಅಂದು ನಿಂತಳು. ಆಮೇಲೆ ‘ಮಕ್ಕಳಿವಿಲ್ಲ’ ಅಂದಳು. ಮುಂದಿನ ಸಾಲಿನಲ್ಲಿ ಕೂತಿದ್ದ ಅಜ್ಜಿ ಪಕ್ಕದವರನ್ನು ಕೇಳಿದರು: “ಪಾಪ, ಯಾರಿಗಂತೆ ಮಕ್ಕಳಿಲ್ಲದ್ದು?” ಅವತ್ತಿನಿಂದ ಈ ಸಾಲನ್ನು ಮೊದಲು ಪೆನ್ಸಿಲ್‌ನಲ್ಲಿ ಬಿಡಿಸಿ ಬರೆಸುತ್ತೇನೆ: ಸ್ಥಾವರಕ್ಕೆ ಅಳಿವು ಉಂಟು, ಜಂಗಮಕ್ಕೆ ಅಳಿವು ಇಲ್ಲ. ಹತ್ತು ಸಲ ಬಿಡಿಸಿ ಹೇಳಿ ಆಮೇಲೆ ಕೂಡಿಸಿದರೆ ನಾಲಿಗೆಗೆ ಎಲ್ಲಿ ನಿಲ್ಲಬಾರದು ಅಂತ ತಾನೇ ಗೊತ್ತಾಗುತ್ತದೆ. ಒತ್ತು ಸ್ಥಾವರ, ಜಂಗಮಗಳ ಮೇಲಿರಲಿ. ಉಂಟು, ಇಲ್ಲ ಎರಡೂ ತಮ್ಮಷ್ಟಕ್ಕೆ ಕೇಳಿಸುತ್ತವೆ. ನಾಲ್ಕನ್ನೂ ಒತ್ತಿದರೆ ಯಾವುದನ್ನೂ ಒತ್ತದ ಹಾಗೆ.

ಇಷ್ಟೆಲ್ಲ ಲೆಕ್ಕ ಹಾಕಿಕೊಂಡಿದ್ದವಳ ಮುಂದೆ ಒಂದು ಸಂಜೆ ಗಾರೆ ಕೆಲಸದ ಒಬ್ಬರು ಈ ವಚನ ಓದಿದರು. ಬಡಾವಣೆಯ ಬಸವ ಜಯಂತಿಗೆ ಓದಬೇಕಿತ್ತಂತೆ. ‘ಉಳ್ಳವರು ಶಿವಾಲಯವ’ ಅಂದು ನಿಂತರು. ತುಟಿಯಂಚಿನಲ್ಲಿ ನಕ್ಕು ‘ಮಾಡುವರು’ ಅಂದರು. ಮೊದಲ ಸಾಲನ್ನು ನಾನು ಯಾವತ್ತೂ ಸುಮ್ನೆ ದಾಟಿಸುತ್ತಿದ್ದೆ. ಅಲ್ಲೇಕೆ ನಿಂತಿರಿ ಅಂದೆ.

“ಅವರೆಲ್ಲಿ ಮಾಡ್ತಾರೆ ಮೇಡಮ್ಮಾ? ಮಾಡಿಸ್ತಾರೆ. ಮಾಡೋರು ನಾವು.”

ಹೌದಲ್ಲ ಅನ್ನಿಸಿತು. ಮುಂದಿನ ಸಾಲು ಓದಿ ಅಂದೆ. ‘ನಾನೇನ ಮಾಡುವೆ’ ಅಂದವರು ತಮ್ಮ ಎರಡೂ ಕೈ ನೋಡಿಕೊಂಡರು. ಅಲ್ಲಿ ನಿಲ್ಲಬೇಡಿ ಅಂತ ಹೇಳಲು ನನಗೆ ಬಾಯಿ ಬರಲಿಲ್ಲ.