ಕೂಲಿಮಠ: ಕೂಲಿಕಾರರ ಮಕ್ಕಳ ಶಾಲೆ ಅಲ್ಲ

ಮೊನ್ನೆ ಮತ್ತೊಂದು ಕಡೆ ಓದಿದೆ, ‘ಕೂಲಿಮಠ ಎಂದರೆ ಕೂಲಿಕಾರರ ಮಕ್ಕಳಿಗಾಗಿ ನಡೆಸುತ್ತಿದ್ದ ಶಾಲೆ’ ಅಂತ. ಇದು ಎಷ್ಟನೇ ಸಲವೋ! ಕೂಲಿಕಾರರ ಮಕ್ಕಳು ಅಲ್ಲಿಗೆ ಬರಲಾಗುತ್ತಿದ್ದುದೇ ಕಡಿಮೆ.

ಕನ್ನಡದಲ್ಲಿ ಕೂಲಿ ಅಂದರೆ ಮೊದಲು ದುಡಿತಕ್ಕೆ ಕೊಡುವ ಹಣ ಅಥವಾ ಕಾಳು. ‘ದಿನಕ್ಕೆ ಎಷ್ಟು ಕೂಲಿ?’ ಅಂತ ಈಗಲೂ ಕೇಳುತ್ತೇವಲ್ವಾ? ಆಳನ್ನೇ ‘ಕೂಲಿ’ ಎಂದು ಕರೆಯುವುದು ಆಮೇಲಿನದು. ಕೂಲಿಮಠದಲ್ಲಿ ಕೂಲಿ ಸಿಗುತ್ತಿದ್ದುದು ಮೇಷ್ಟ್ರಿಗೆ, ಕೊಡುತ್ತಿದ್ದವರು ಮಕ್ಕಳ ಮನೆಯವರು. ಇನ್ನು ಮಠ ಅಂದರೆ ಇಲ್ಲಿ ಸುಮ್ನೆ ಶಾಲೆ. ಕಾವಿ ಹುಡುಕಬೇಡಿ.

ಒಳಗೆ ಏನು ನಡೆಯುತ್ತಿತ್ತು ಅನ್ನುವುದಕ್ಕೆ ಬಳ್ಳಾರಿಯ ಕಲೆಕ್ಟರ್ ಕ್ಯಾಂಪ್‌ಬೆಲ್ 1823ರಲ್ಲಿ ಬರೆದ ವರದಿ ಇದೆ. ಆಗಿನ ಬಳ್ಳಾರಿ ಜಿಲ್ಲೆ ಈಗಿನದಕ್ಕಿಂತ ಬಹಳ ದೊಡ್ಡದು. ಅಲ್ಲಿ 533 ಶಾಲೆಗಳು, ಅದರಲ್ಲಿ 235 ಕನ್ನಡದವು. ಮಗುವಿಗೆ ಐದು ವರ್ಷವಾದಾಗ ಒಳ್ಳೆಯ ದಿನ ನೋಡಿ ಸೇರಿಸುತ್ತಿದ್ದರು. ಮೊದಲು ಮರಳಿನ ಮೇಲೆ ಬೆರಳಲ್ಲಿ ಅಕ್ಷರ ತಿದ್ದುವುದು. ಕೈ ಕುದುರಿದ ಮೇಲೆ ಹಲಗೆ, ಇಲ್ಲವೇ ಕಡತ. ಹೌದು, ಈಗ ಕಚೇರಿಯಲ್ಲಿ ‘ವಿಲೇವಾರಿ’ಗೆ ಕಾಯುವ ಅದೇ ಕಡತ. ಆಗ ಅದು ಅಂಟು, ಇದ್ದಿಲು ಬಳಿದು ಗಟ್ಟಿ ಮಾಡಿ, ಪುಸ್ತಕದ ಹಾಗೆ ಮಡಿಸಿದ ಕಪ್ಪು ಬಟ್ಟೆ. ಬಳಪದಲ್ಲಿ ಬರೆದು, ಒರೆಸಿ, ಮತ್ತೆ ಬರೆಯಬಹುದಿತ್ತು.

ಹಾಜರಿ ಪುಸ್ತಕದ ಕೆಲಸವನ್ನು ಬೆತ್ತವೇ ಮಾಡುತ್ತಿತ್ತು. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದ ಹುಡುಗನ ಅಂಗೈ ಮೇಲೆ ಸರಸ್ವತಿಯ ಹೆಸರು ಬರೆಯುತ್ತಿದ್ದರು. ಎರಡನೆಯವನಿಗೆ ಸೊನ್ನೆ: ಹೊಗಳಿಕೆಯೂ ಇಲ್ಲ, ಬೈಗುಳವೂ ಇಲ್ಲ. ಮೂರನೆಯವನಿಗೆ ಮೆಲ್ಲಗೆ ಒಂದು ಏಟು, ನಾಲ್ಕನೆಯವನಿಗೆ ಎರಡು, ಹೀಗೆ ಒಬ್ಬೊಬ್ಬರಿಗೂ ಒಂದೊಂದು ಜಾಸ್ತಿ. ಹದಿನೈದು ಮಕ್ಕಳ ಮಠದಲ್ಲಿ ಕೊನೆಯವನಿಗೆ ಹದಿಮೂರು. ಸೋಮಾರಿಗಳನ್ನು ಎರಡೂ ಕೈ ಕಟ್ಟಿ ಸೂರಿಗೆ ತೂಗುಹಾಕುವ ಶಿಕ್ಷೆಯೂ ಆ ವರದಿಯಲ್ಲಿದೆ. ನಮ್ಮವರ ಬಾಯಲ್ಲಿ ಅದು ‘ಕೋದಂಡ’. ‘ಆ ಕಾಲದ ಮಕ್ಕಳು ಎಷ್ಟು ಆರಾಮಾಗಿ ಕಲಿಯುತ್ತಿದ್ದರು’ ಅನ್ನುವವರು ಇದನ್ನು ಒಮ್ಮೆ ಓದಲಿ.

ಒಟ್ಟು 6641 ಮಕ್ಕಳಲ್ಲಿ ಹುಡುಗಿಯರು 60. ಉಳಿದ ಹುಡುಗಿಯರಿಗೆ ಮನೆಗೆಲಸ, ತಮ್ಮ ತಂಗಿಯರನ್ನು ಎತ್ತಿಕೊಳ್ಳುವುದು, ಎಷ್ಟೋ ಮನೆಗಳಲ್ಲಿ ಮೈನೆರೆಯುವ ಮೊದಲೇ ಮದುವೆ. ಮೈಸೂರು ಸಂಸ್ಥಾನ 1894ರಲ್ಲಿ ಎಂಟು ವರ್ಷದೊಳಗಿನ ಹುಡುಗಿಯರ ಮದುವೆ ನಿಲ್ಲಿಸಲು ಕಾನೂನು ತರಬೇಕಾಯಿತು ಅಂದರೆ ಲೆಕ್ಕ ಹಾಕಿ.

ಕೂಲಿಕಾರರ ವಿಷಯಕ್ಕೆ ಬಂದರೆ, ಮೇಷ್ಟ್ರ ಕೂಲಿ ಒಂದು ಮಗುವಿಗೆ ತಿಂಗಳಿಗೆ ಕಾಲು ರೂಪಾಯಿಯಿಂದ ಅರ್ಧ ರೂಪಾಯಿ. ಬಡವರಿಗೆ ಇದು ಎಟುಕುತ್ತಿಲ್ಲ, ಮಕ್ಕಳ ಕೈಕಾಲು ಆಡುವಷ್ಟಾದ ಕೂಡಲೇ ಅವರನ್ನು ದುಡಿಮೆಗೆ ಹಚ್ಚಬೇಕಾಗಿದೆ ಎಂದು ಕ್ಯಾಂಪ್‌ಬೆಲ್ ಅವರೇ ಬರೆದಿದ್ದಾರೆ. ಆ ಮಕ್ಕಳು ಕೂಲಿಗೆ ಹೋಗುತ್ತಿದ್ದರು, ಕೂಲಿಮಠಕ್ಕಲ್ಲ.